ಮೂರನೇ ಜಾವದ ತೂಕಡಿಕೆ

ಶಿವರಾತ್ರಿ ಜಾಗರಣೆಗೆ ಕೂತವರಲ್ಲಿ ಹೆಚ್ಚಿನವರು ಸೋಲುವುದು ಮೂರನೇ ಜಾವದಲ್ಲಿ. ಸಂಜೆ ಮನೆ ತುಂಬ ಜನ, ಉತ್ಸಾಹ. ಹನ್ನೆರಡರವರೆಗೆ ದೇವಸ್ಥಾನದ ಮೈಕು ಮಲಗಲು ಬಿಡುವುದಿಲ್ಲ. ನಡುರಾತ್ರಿಯ ಮಂಗಳಾರತಿ ಮುಗಿಯಿತೋ, ಒಬ್ಬೊಬ್ಬರೇ ‘ಸ್ವಲ್ಪ ಬೆನ್ನು ಚಾಚಿ ಬರ್ತೀನಿ’ ಅಂತ ಒಳಗೆ ಹೋಗುತ್ತಾರೆ. ಬೆಳಗಿನ ಜಾವದ ಪೂಜೆಗೆ ದೇವರ ಮುಂದೆ ಉಳಿದಿರುವುದು ಅಜ್ಜಿ ಮಾತ್ರ. ಇದನ್ನು ಭಕ್ತಿಯ ಕೊರತೆ ಎನ್ನುವಂತಿಲ್ಲ. ಎಲ್ಲರ ಮೈಯೂ ಆ ಹೊತ್ತಿಗೆ ಹಾಗೆಯೇ. ರಾತ್ರಿಯನ್ನು ನಾಲ್ಕು ಭಾಗ ಮಾಡಿ ಪ್ರತಿ ಭಾಗಕ್ಕೂ ಬೇರೆ ಬೇರೆ ಕೆಲಸ ಕೊಟ್ಟವರಿಗೆ ಇದು ಚೆನ್ನಾಗಿ ಗೊತ್ತಿದ್ದಂತೆ ಕಾಣುತ್ತದೆ.

ಮೊದಲು ಗಡಿಯಾರದ ಲೆಕ್ಕ. ಜಾವ ಎಂದರೆ ಕಡ್ಡಾಯವಾಗಿ ಮೂರು ಗಂಟೆಯಲ್ಲ; ಸೂರ್ಯ ಮುಳುಗಿದಾಗಿನಿಂದ ಹುಟ್ಟುವವರೆಗಿನ ಅವಧಿಯ ಕಾಲು ಭಾಗ. 2026ರ ಶಿವರಾತ್ರಿಯನ್ನೇ ತೆಗೆದುಕೊಳ್ಳೋಣ. ಅದು ಫೆಬ್ರುವರಿ 15ರ ಭಾನುವಾರ. ಚತುರ್ದಶಿ ತಿಥಿ ಶುರುವಾದದ್ದು ಅಂದು ಸಂಜೆ ಐದರ ಹೊತ್ತಿಗೆ, ಮುಗಿದದ್ದು ಸೋಮವಾರ ಸಂಜೆ. ಹಗಲಿಗೆ ಚತುರ್ದಶಿ ಇದ್ದದ್ದು ಸೋಮವಾರವಾದರೂ ಹಬ್ಬ ಭಾನುವಾರವೇ ಆಯಿತು, ಯಾಕೆಂದರೆ ಈ ವ್ರತಕ್ಕೆ ನಡುರಾತ್ರಿಯಲ್ಲಿ ಚತುರ್ದಶಿ ಇರಬೇಕು. ಬೆಂಗಳೂರಿನಲ್ಲಿ ಅಂದಿನ ಸೂರ್ಯಾಸ್ತ ಸುಮಾರು 6.24ಕ್ಕೆ, ಮರುದಿನದ ಸೂರ್ಯೋದಯ ಸುಮಾರು 6.40ಕ್ಕೆ. ನಡುವಿನ ಹನ್ನೆರಡೂಕಾಲು ಗಂಟೆಯನ್ನು ನಾಲ್ಕರಿಂದ ಭಾಗಿಸಿದರೆ ಒಂದು ಜಾವಕ್ಕೆ ಮೂರು ಗಂಟೆ ನಾಲ್ಕು ನಿಮಿಷ. ಹಾಗಾಗಿ ಮೊದಲ ಜಾವ ಒಂಬತ್ತೂವರೆ ಹೊತ್ತಿಗೆ, ಎರಡನೆಯದು ಹನ್ನೆರಡೂವರೆಗೆ, ಮೂರನೆಯದು ಮೂರೂ ಮೂವತ್ತಾರಕ್ಕೆ ಮುಗಿಯುತ್ತದೆ. ಇದೇ ರಾತ್ರಿಯನ್ನು ಹದಿನೈದು ಮುಹೂರ್ತಗಳಾಗಿ ಹಂಚಿದಾಗ ನಟ್ಟನಡುವೆ ಬರುವ ಎಂಟನೆಯದು ನಿಶೀಥ ಕಾಲ. ಅಂದಿನ ಲೆಕ್ಕದಲ್ಲಿ ಅದು ಹನ್ನೆರಡು ಗಂಟೆ ಎಂಟು ನಿಮಿಷದಿಂದ ಒಂದಕ್ಕೆ ಮೂರು ನಿಮಿಷ ಇರುವವರೆಗೆ. ನಾಲ್ಕೂ ಪೂಜೆ ಮಾಡಲಾಗದವರು ಈ ಹೊತ್ತಿನಲ್ಲಿ ಒಂದೇ ಒಂದು ಪೂಜೆ ಮಾಡಿ ಮಲಗುವ ರೂಢಿಯೂ ಇದೆ.

ನಾಲ್ಕು ಜಾವಕ್ಕೆ ನಾಲ್ಕು ಅಭಿಷೇಕ. ಬಹಳ ಕಡೆ ನಡೆದು ಬಂದ ಕ್ರಮದಲ್ಲಿ ಮೊದಲು ಹಾಲು, ಆಮೇಲೆ ಮೊಸರು, ಮೂರನೆಯದಕ್ಕೆ ತುಪ್ಪ, ಕೊನೆಗೆ ಜೇನು. ಶಿವನನ್ನು ಕರೆಯುವ ಹೆಸರೂ ಜಾವಕ್ಕೊಂದು: ಈಶಾನ, ಅಘೋರ, ವಾಮದೇವ, ಸದ್ಯೋಜಾತ. ಕೆಲವು ದೇವಾಲಯಗಳಲ್ಲಿ ಪಂಚಗವ್ಯ, ಪಂಚಾಮೃತ, ಕಬ್ಬಿನ ಹಾಲು ಹೀಗೆ ಬೇರೆ ಕ್ರಮವುಂಟು. ಲಿಂಗಾಯತರ ಮನೆಗಳಲ್ಲಿ ಅಂಗೈಯ ಮೇಲಿನ ಇಷ್ಟಲಿಂಗಕ್ಕೇ ಪೂಜೆ. ಯಾವ ಕ್ರಮವಾದರೂ ಪ್ರಮಾಣ ದೊಡ್ಡದಾಗಬೇಕಿಲ್ಲ. ಮನೆಯ ಹೆಬ್ಬೆರಳಿನಷ್ಟು ಲಿಂಗಕ್ಕೆ ಒಂದು ಸೌಟು ಹಾಲು ಧಾರಾಳ. ಲೀಟರುಗಟ್ಟಲೆ ಸುರಿದು ಬಚ್ಚಲಿಗೆ ಬಿಡುವುದನ್ನು ಯಾವ ವಿಧಿಯೂ ಕೇಳುವುದಿಲ್ಲ.

ಪ್ರತಿ ಅಭಿಷೇಕದ ಮುಂದೆಯೂ ಹಿಂದೆಯೂ ಶುದ್ಧ ನೀರಿನ ಸ್ನಾನ, ಆಮೇಲೆ ವಿಭೂತಿ, ಬಿಲ್ವ, ಧೂಪ ದೀಪ ನೈವೇದ್ಯ. ರುದ್ರವನ್ನು ಒಂದಾವರ್ತಿ ಹೇಳಿಕೊಂಡರೂ ಇಡೀ ಪೂಜೆ ಒಂದು ಗಂಟೆಯೊಳಗೆ ಮುಗಿಯುತ್ತದೆ. ಉಳಿಯುವುದು ಎರಡು ಗಂಟೆ. ನಿದ್ದೆ ಬಂದು ಕೂರುವುದು ಪೂಜೆಯ ಹೊತ್ತಿನಲ್ಲಲ್ಲ, ಈ ಎರಡು ಗಂಟೆಯ ಖಾಲಿಯಲ್ಲಿ.

ಆದ್ದರಿಂದ ನಾಲ್ಕು ಜಾವದ ಸಾಮಗ್ರಿಯನ್ನೂ ಸಂಜೆಯೇ ತಟ್ಟೆಗಳಲ್ಲಿ ಜೋಡಿಸಿ ಮುಚ್ಚಿಡುವ ಅಚ್ಚುಕಟ್ಟು ಹೆಂಗಸರ ಬಗ್ಗೆ ನನಗೆ ಗೌರವವಿದ್ದರೂ ಅದು ಜಾಗರಣೆಗೆ ಒಳ್ಳೆಯದಲ್ಲ ಅನ್ನಿಸುತ್ತದೆ. ಕೆಲಸವನ್ನು ರಾತ್ರಿಗೆ ಉಳಿಸಿಕೊಳ್ಳಬೇಕು. ತುಪ್ಪದ ಜಾವವನ್ನೇ ನೋಡಿ. ಫೆಬ್ರುವರಿಯ ಚಳಿಗೆ ತುಪ್ಪ ಗಟ್ಟಿಯಾಗಿ ಕೂತಿರುತ್ತದೆ. ಒಬ್ಬರು ಎದ್ದು ಒಲೆ ಹಚ್ಚಿ, ನೀರು ಕಾಯಿಸಿ, ಬಟ್ಟಲನ್ನು ಆ ಬಿಸಿನೀರಿನಲ್ಲಿಟ್ಟು ಕರಗಿಸಬೇಕು. ಅಭಿಷೇಕವಾದ ಮೇಲೆ ಲಿಂಗದ ಜಿಡ್ಡು ತಣ್ಣೀರಿಗೆ ಹೋಗುವುದಿಲ್ಲ, ಮತ್ತೆ ಬಿಸಿನೀರು ಬೇಕು. ಪಾಣಿಪೀಠದ ಸಂದಿಯಲ್ಲಿ ಉಳಿದದ್ದನ್ನು ಬಟ್ಟೆಯ ತುದಿಯಿಂದ ಒರೆಸಿ ತೆಗೆಯಬೇಕು. ರಾತ್ರಿಯಲ್ಲೇ ಹೆಚ್ಚು ಓಡಾಟದ ಪೂಜೆ ಇದು, ಬಂದಿರುವುದು ಹೆಚ್ಚು ತೂಕಡಿಸುವ ಹೊತ್ತಿಗೆ. ಕೊನೆಯ ಜೇನಿನದು ಬೇರೆ ತಾಪತ್ರಯ. ಚೆನ್ನಾಗಿ ತೊಳೆಯದಿದ್ದರೆ ಬೆಳಗ್ಗೆ ದೇವರ ಮಂಟಪದ ತುಂಬ ಇರುವೆ.

ಬಿಲ್ವದ ವಿಷಯದಲ್ಲಿ ಮಾತ್ರ ಮುಂದಾಲೋಚನೆ ಬೇಕು. ಚತುರ್ದಶಿ, ಅಮಾವಾಸ್ಯೆ, ಸೋಮವಾರಗಳಲ್ಲಿ ಮರದಿಂದ ಬಿಲ್ವ ಕೀಳಬಾರದೆಂಬ ನಿಯಮವಿರುವುದರಿಂದ ಹಿಂದಿನ ದಿನವೇ ತಂದು ಒದ್ದೆ ಬಟ್ಟೆಯಲ್ಲಿ ಸುತ್ತಿಡುತ್ತಾರೆ. ಸಾಲದೆ ಬಂದರೂ ಚಿಂತೆಯಿಲ್ಲ. ಬಿಲ್ವಕ್ಕೆ ಹಳಸಿದ ದೋಷವಿಲ್ಲ, ಏರಿಸಿದ್ದನ್ನೇ ತೊಳೆದು ಮತ್ತೆ ಏರಿಸಬಹುದು ಎಂಬ ಉದಾರ ನಿಯಮವೂ ಅದರ ಬೆನ್ನಿಗೇ ಇದೆ. ಎಲೆಗಳನ್ನು ತೊಳೆದು, ಮೂರು ದಳ ಕೂಡಿರುವುದನ್ನು, ಹುಳ ತಿನ್ನದ್ದನ್ನು ಆರಿಸಿ ಬದಿಗಿಡುವುದು ಎರಡನೇ ಜಾವದ ಬಿಡುವಿಗೆ ಹೇಳಿ ಮಾಡಿಸಿದ ಕೆಲಸ. ಶಿವರಾತ್ರಿಯ ಬೇಡನ ಕಥೆ ನೆನಪಿರಬೇಕಲ್ಲ? ಅವನು ಮರ ಹತ್ತಿ ಕೂತು ಎಲೆ ಕಿತ್ತು ಕಿತ್ತು ಕೆಳಗೆ ಹಾಕಿದ್ದು ಪೂಜೆಗೆಂದಲ್ಲ, ನಿದ್ದೆ ಬಂದು ಬೀಳಬಾರದೆಂದು. ಕೆಳಗೆ ಲಿಂಗವಿದ್ದದ್ದು ಅವನಿಗೆ ಗೊತ್ತೇ ಇರಲಿಲ್ಲ. ಕೈಗೆ ಕೆಲಸ ಕೊಟ್ಟ, ಕಣ್ಣು ಎಚ್ಚರವಾಗಿತ್ತು. ಹಳ್ಳಿಗಳಲ್ಲಿ ಈ ರಾತ್ರಿ ಕೋಲಾಟ, ಭಜನೆ, ಬಯಲಾಟ, ಚೌಕಾಬಾರ ನಡೆಯುತ್ತಿದ್ದುದರ ಹಿಂದೆಯೂ ಇದೇ ಉಪಾಯ. ಟಾಕೀಸಿನಲ್ಲಿ ರಾತ್ರಿಯಿಡೀ ಸಿನಿಮಾ ನೋಡಿದವರಂತೂ ಕತ್ತಲಲ್ಲಿ ಒರಗು ಕುರ್ಚಿಯ ಮೇಲೆ ಕೂತು ನಿದ್ದೆಯನ್ನು ತಾವೇ ಆಹ್ವಾನಿಸಿದವರು. ಈಗ ಆ ಜಾಗಕ್ಕೆ ಮೊಬೈಲು ಬಂದಿದೆ. ಹಾಸಿಗೆಯ ಮೇಲೆ ಒರಗಿ ಅದನ್ನು ನೋಡುವವರದು ಎರಡು ಗಂಟೆಯೊಳಗೆ ಗೊರಕೆ.

ಮೂರನೇ ಜಾವವೇ ಯಾಕೆ ಕಷ್ಟ? ನಮ್ಮ ಮೈಯ ಉಷ್ಣತೆ ದಿನವಿಡೀ ಒಂದೇ ಸಮ ಇರುವುದಿಲ್ಲ. ಬೆಳಗಿನ ಮೂರರಿಂದ ಐದರ ನಡುವೆ ಅದು ಎಲ್ಲಕ್ಕಿಂತ ಕೆಳಗಿಳಿಯುತ್ತದೆ, ನಿದ್ದೆಯ ಒತ್ತಡ ಮೇಲೇರುತ್ತದೆ. ಬೆಳಗಾದಂತೆ, ನಿದ್ದೆ ಮಾಡಿರದಿದ್ದರೂ ಮತ್ತೆ ಸ್ವಲ್ಪ ಚುರುಕು ಬರುತ್ತದೆ. ಇದು ಗೊತ್ತಿದ್ದರೆ ಮೂರೂವರೆಯ ಆ ಸೋಲು ಬೆಳಗಿನವರೆಗೂ ಬೆಳೆಯುತ್ತಲೇ ಹೋಗುತ್ತದೆಂದು ಹೆದರಬೇಕಿಲ್ಲ. ಆ ಹೊತ್ತಿಗೆ ಕೂರದೆ ನಿಲ್ಲಿ, ಮುಖಕ್ಕೆ ನೀರು ಹಾಕಿ, ಅಂಗಳದಲ್ಲಿ ನಾಲ್ಕು ಸುತ್ತು ಬನ್ನಿ, ದೀಪ ಜೋರಾಗಿರಲಿ. ಕಾಫಿ ಕುಡಿಯುವ ಮನೆಯಾದರೆ ಹನ್ನೆರಡರ ಹೊತ್ತಿಗೆ ಕುಡಿಯುವುದು ಒಳ್ಳೆಯದು. ಕುಡಿದ ಕೆಫೀನಿನಲ್ಲಿ ಅರ್ಧ ಮೈಯಿಂದ ಹೋಗಲು ಐದು ಗಂಟೆ ಬೇಕು, ನಾಲ್ಕಕ್ಕೆ ಕುಡಿದರೆ ಬೆಳಗ್ಗೆ ಮಲಗಬೇಕಾದಾಗ ಕಣ್ಣು ಮುಚ್ಚುವುದಿಲ್ಲ. ಖಾಲಿ ಹೊಟ್ಟೆಗೆ ಎರಡು ಲೋಟ ಕಾಫಿ ಬಿದ್ದರೆ ಎದೆಯುರಿಯೂ ಶುರು.

ಹಾಗಂತ ಜಾಗರಣೆಯನ್ನು ಆ ರಾತ್ರಿಯೊಂದರಲ್ಲೇ ಗೆಲ್ಲುವುದು ಕಷ್ಟ. ಉಪವಾಸದ ದಿನ ಹಗಲು ಮಲಗಿದರೆ ವ್ರತಭಂಗ ಎನ್ನುತ್ತಾರೆ ಧರ್ಮಶಾಸ್ತ್ರದವರು. ಅದನ್ನು ಪಾಲಿಸುವವರು ಹಿಂದಿನ ಎರಡು ರಾತ್ರಿ ಒಂದೊಂದು ಗಂಟೆ ಬೇಗ ಮಲಗಿ ನಿದ್ದೆಯನ್ನು ಕೂಡಿಟ್ಟುಕೊಳ್ಳಬಹುದು, ಶುಕ್ರವಾರ ಶನಿವಾರಗಳಿಗೆ ಯಾವ ನಿಷೇಧವೂ ಇಲ್ಲ. ಅಷ್ಟು ಕಟ್ಟುನಿಟ್ಟಿಲ್ಲದವರಿಗೆ ಮಧ್ಯಾಹ್ನದ ಒಂದೂವರೆ ಗಂಟೆಯ ನಿದ್ದೆ ರಾತ್ರಿಗೆ ತುಂಬಾ ಆಗಿ ಬರುತ್ತದೆ. ನಡುರಾತ್ರಿಯಲ್ಲಿ ತಡೆಯಲೇ ಆಗದಿದ್ದರೆ ಕೂತಲ್ಲೇ ಹದಿನೈದಿಪ್ಪತ್ತು ನಿಮಿಷ ಕಣ್ಣು ಮುಚ್ಚಿ, ಪಕ್ಕದವರಿಗೆ ಎಬ್ಬಿಸಲು ಹೇಳಿ. ಮುಕ್ಕಾಲು ಗಂಟೆ ಮಲಗಿದರೆ ಗಾಢ ನಿದ್ದೆಯ ನಡುವಿನಿಂದ ಎದ್ದು ಮೊದಲಿಗಿಂತ ಹೆಚ್ಚು ಮಂಕಾಗುತ್ತೀರಿ.

ಉಪವಾಸಕ್ಕೂ ಎಚ್ಚರಕ್ಕೂ ನೇರ ಸಂಬಂಧವಿದೆ. ಹೊಟ್ಟೆ ಬಿರಿಯ ಉಂಡವನಿಗೆ ಜಾಗರಣೆ ಆಗದು, ಪೂರ್ತಿ ನಿರಾಹಾರ ಇದ್ದವನಿಗೆ ತಲೆನೋವು. ನೀರು, ಗೆಡ್ಡೆಗೆಣಸು, ಹಣ್ಣು, ಹಾಲು, ಔಷಧಿ ಇವುಗಳಿಂದ ವ್ರತ ಕೆಡುವುದಿಲ್ಲವೆಂದು ಅದೇ ಧರ್ಮಶಾಸ್ತ್ರ ಪಟ್ಟಿ ಮಾಡಿ ಹೇಳುತ್ತದೆ. ಬೇಯಿಸಿದ ಗೆಣಸು, ಖರ್ಜೂರ, ಕಲ್ಲಂಗಡಿ ಹಣ್ಣು, ನಿಂಬೆ ಪಾನಕ ನಮ್ಮ ಶಿವರಾತ್ರಿಯ ತಟ್ಟೆಗೆ ಬಂದಿರುವುದು ಸುಮ್ಮನೆ ಅಲ್ಲ. ಎಡವಟ್ಟಾಗುವುದು ‘ಉಪವಾಸದ ತಿಂಡಿ’ ಎಂಬ ಹೆಸರಿನಲ್ಲಿ ಕರಿದ ಸಾಬುದಾನಿ ವಡೆ, ಒಂದರ ಮೇಲೊಂದು ತಂಬಿಟ್ಟಿನ ಉಂಡೆ ಇಳಿಸಿದಾಗ. ಅದು ಊಟಕ್ಕಿಂತ ಭಾರ.

ಸಕ್ಕರೆ ಕಾಯಿಲೆಯವರು ಮಾತ್ರ ಇದನ್ನು ಹಗುರಾಗಿ ತೆಗೆದುಕೊಳ್ಳಬಾರದು. ಇನ್ಸುಲಿನ್ ಅಥವಾ ಗ್ಲಿಮೆಪಿರೈಡ್‌ನಂಥ ಮಾತ್ರೆಯಲ್ಲಿರುವವರು ಮಾಮೂಲಿ ಪ್ರಮಾಣ ತೆಗೆದುಕೊಂಡು ಊಟ ಬಿಟ್ಟರೆ ರಕ್ತದ ಸಕ್ಕರೆ 70ಕ್ಕಿಂತ ಕೆಳಗಿಳಿಯಬಹುದು. ಅಂದಿನ ಮಟ್ಟಿಗೆ ಔಷಧಿ ಹೇಗೆ ಎಂದು ಡಾಕ್ಟರನ್ನು ಮೊದಲೇ ಕೇಳಿಟ್ಟುಕೊಳ್ಳಬೇಕು. ರಾತ್ರಿ ಎರಡು ಗಂಟೆಗೆ ಸಕ್ಕರೆ ಇಳಿದದ್ದನ್ನು ಮನೆಯವರು ‘ಪಾಪ, ನಿದ್ದೆ’ ಎಂದುಕೊಳ್ಳುವುದೇ ಇಲ್ಲಿನ ಅಪಾಯ. ನಿದ್ದೆ ಬಂದವರಿಗೆ ಆಕಳಿಕೆ ಬರುತ್ತದೆ, ಕರೆದರೆ ಸರಿಯಾಗಿ ಮಾತಾಡುತ್ತಾರೆ. ತಣ್ಣಗೆ ಬೆವರುತ್ತಿದ್ದರೆ, ಕೈ ನಡುಗುತ್ತಿದ್ದರೆ, ಮಾತು ತೊದಲಿದರೆ ಅದು ನಿದ್ದೆಯಲ್ಲ. ಎಚ್ಚರವಿದ್ದು ನುಂಗಲು ಆಗುವಂತಿದ್ದರೆ ಮೂರು ಚಮಚ ಸಕ್ಕರೆಯನ್ನು ನೀರಿನಲ್ಲಿ ಕದಡಿ ತಕ್ಷಣ ಕುಡಿಸಿ, ಹದಿನೈದು ನಿಮಿಷ ಬಿಟ್ಟು ಪರೀಕ್ಷಿಸಿ. ಆಮೇಲೆ ವ್ರತ ಮುಂದುವರಿಸುವ ಮಾತಿಲ್ಲ, ಏನಾದರೂ ತಿನ್ನಲೇಬೇಕು. ಪ್ರಜ್ಞೆ ತಪ್ಪಿದ್ದರೆ ಬಾಯಿಗೆ ಏನನ್ನೂ ಹಾಕದೆ ಆಸ್ಪತ್ರೆಗೆ ಒಯ್ಯಿರಿ. ಮೂರ್ಛೆರೋಗ ಇರುವವರಿಗೂ ಬೈಪೋಲಾರ್ ಕಾಯಿಲೆಗೆ ಚಿಕಿತ್ಸೆಯಲ್ಲಿರುವವರಿಗೂ ಒಂದು ರಾತ್ರಿಯ ನಿದ್ದೆಗೇಡು ಸಾಕು, ಕಾಯಿಲೆ ಕೆರಳಲು. ಅವರು, ಗರ್ಭಿಣಿಯರು, ಮಕ್ಕಳು ಮೊದಲ ಜಾವದ ಪೂಜೆ ಮುಗಿಸಿ ಮಲಗಬೇಕು.

ಸೋಮವಾರ ಬೆಳಗಾಯಿತು, ಕೊನೆಯ ಮಂಗಳಾರತಿಯೂ ಆಯಿತು. ಸ್ನಾನ ಮಾಡಿ ಪಾರಣೆ. ಮೊದಲ ಊಟ ಗಂಜಿಯೋ ಹೆಸರುಬೇಳೆಯ ಹುಗ್ಗಿಯೋ ಆಗಲಿ. ಉತ್ತರ ಕರ್ನಾಟಕದಲ್ಲಿ ಹೋಳಿಗೆ ಮಾಡುವುದು ಹೇಗೂ ಶಿವರಾತ್ರಿ ಅಮಾವಾಸ್ಯೆಗೆ, ಅಷ್ಟರಲ್ಲಿ ಹೊಟ್ಟೆ ಒಗ್ಗಿರುತ್ತದೆ. ಜಾಗರಣೆ ಮಾಡಿದವರು ಮರುದಿನ ಸಂಜೆ ದೀಪ ಹಚ್ಚುವವರೆಗೂ ಮಲಗಬಾರದು ಎನ್ನುವ ಮನೆಗಳಿವೆ. ಆ ನಿಯಮ ಮನೆಯಲ್ಲೇ ಇರುವವರಿಗೆ ಸರಿ, ರಸ್ತೆಗೆ ಇಳಿಯುವವರಿಗಲ್ಲ. ಹದಿನೇಳು ಗಂಟೆ ಸತತ ಎಚ್ಚರವಿದ್ದವರ ಕೈಕಾಲಿನ ಚುರುಕು, ನೂರು ಮಿಲಿಲೀಟರ್ ರಕ್ತದಲ್ಲಿ 50 ಮಿಲಿಗ್ರಾಂ ಮದ್ಯಸಾರ ಇರುವವರ ಮಟ್ಟಕ್ಕೆ ಇಳಿದಿರುತ್ತದೆಂದು ಪರೀಕ್ಷಿಸಿ ನೋಡಿದ್ದಾರೆ. ನಮ್ಮ ಕಾನೂನು ವಾಹನ ಓಡಿಸಲು ಬಿಡುವುದು 30ರವರೆಗೆ ಮಾತ್ರ. ಭಾನುವಾರ ಬೆಳಗ್ಗೆ ಆರಕ್ಕೆ ಎದ್ದವರು ಸೋಮವಾರ ಏಳಕ್ಕೆ ಇಪ್ಪತ್ತೈದು ಗಂಟೆ ಎಚ್ಚರವಿದ್ದವರು. ಗೋಕರ್ಣದಿಂದಲೋ ನಂಜನಗೂಡಿನಿಂದಲೋ ಮಾದಪ್ಪನ ಬೆಟ್ಟದಿಂದಲೋ ಹೊರಡುವವರು ಕಾರಿನ ಕೀಲಿಯನ್ನು ರಾತ್ರಿ ಮಲಗಿದ್ದವರ ಕೈಗೆ ಕೊಡಬೇಕು. ಅಂಥವರು ಯಾರೂ ಇಲ್ಲದಿದ್ದರೆ ಬಸ್ಸು ಹತ್ತಬೇಕು, ಇಲ್ಲವೇ ಅಲ್ಲಿಯೇ ಎಲ್ಲಾದರೂ ಮೂರು ನಾಲ್ಕು ಗಂಟೆ ಮಲಗಿ ಮಧ್ಯಾಹ್ನ ಹೊರಡಬೇಕು. ಮನೆಯಲ್ಲಿರುವವರೂ ಬೆಳಗ್ಗೆ ಅಷ್ಟೇ ಹೊತ್ತು ಮಲಗಿ ಎದ್ದುಬಿಡುವುದು ವಾಸಿ. ಸಂಜೆಯವರೆಗೆ ಮಲಗಿದರೆ ಆ ರಾತ್ರಿ ನಿದ್ದೆ ಬಾರದೆ ಮಂಗಳವಾರವೂ ಕೆಡುತ್ತದೆ.