40 ಮೀಟರ್ ಬೇಲಿಯ ಲೆಕ್ಕ

ಕೈಯಲ್ಲಿ 40 ಮೀಟರ್ ತಂತಿ ಇದೆ. ಆಯತಾಕಾರದ ಕೈತೋಟಕ್ಕೆ ಬೇಲಿ ಹಾಕಬೇಕು, ಒಳಗೆ ಆದಷ್ಟು ಹೆಚ್ಚು ಜಾಗ ಸಿಗಬೇಕು. ಉದ್ದ x, ಅಗಲ y ಆದರೆ ವಿಸ್ತೀರ್ಣ xy; ತಂತಿಯ ನಿರ್ಬಂಧ 2x + 2y = 40.

ಉದ್ದವನ್ನು ತುಸು ಹಿಗ್ಗಿಸಿದರೆ ವಿಸ್ತೀರ್ಣ ಏರುವ ದರ y, ತಂತಿ ಖರ್ಚಾಗುವ ದರ 2. ಅಗಲವನ್ನು ಹಿಗ್ಗಿಸಿದರೆ ಇವು x ಮತ್ತು 2. ತಂತಿಯ ಪ್ರತಿ ಮೀಟರಿಗೆ ಒಂದು ಕಡೆ ಹೆಚ್ಚು ಜಾಗ ದಕ್ಕುತ್ತಿದ್ದರೆ, ಇನ್ನೊಂದು ಕಡೆಯಿಂದ ತಂತಿ ಕಿತ್ತು ಅಲ್ಲಿಗೆ ಹಾಕುವುದೇ ಜಾಣತನ. ಈ ಅದಲುಬದಲು ನಿಲ್ಲುವುದು ಎರಡೂ ಕಡೆಯ ಗಳಿಕೆ ಸಮವಾದಾಗ. ಆ ಸಮ ಗಳಿಕೆಯೇ λ, ಅಂದರೆ ಲಗ್ರಾಂಜ್ ಗುಣಕ. ಆಗ y = 2λ, x = 2λ. ಎರಡೂ ಬದಿ ಸಮ: 10 ಮೀಟರ್, ವಿಸ್ತೀರ್ಣ 100 ಚದರ ಮೀಟರ್, λ = 5.

ಹಲವು ವಿದ್ಯಾರ್ಥಿಗಳು x, y ಸಿಕ್ಕ ಕೂಡಲೇ λ ಅನ್ನು ಮರೆತುಬಿಡುತ್ತಾರೆ. ಅದೊಂದು ನಷ್ಟ. ಇನ್ನೊಂದು ಮೀಟರ್ ತಂತಿ ಕೊಂಡರೆ ಸುಮಾರು 5 ಚದರ ಮೀಟರ್ ಜಾಗ ಹೆಚ್ಚುತ್ತದೆ ಎಂದು ಅದು ಹೇಳುತ್ತಿದೆ. 41 ಮೀಟರಿಗೆ ನಿಜವಾಗಿ ಸಿಗುವುದು 105.06.

ಆದರೆ ಈ ಸಮೀಕರಣಗಳು ಸಿಕ್ಕ ಬಿಂದು ಗರಿಷ್ಠವೋ ಕನಿಷ್ಠವೋ ಹೇಳುವುದಿಲ್ಲ. ವಿಸ್ತೀರ್ಣವನ್ನು 100ಕ್ಕೆ ಕಟ್ಟಿಹಾಕಿ, ಅತಿ ದೊಡ್ಡ ಸುತ್ತಳತೆ ಕೇಳಿ ನೋಡಿ: ಅದೇ ಚೌಕ ಬರುತ್ತದೆ. ಅದು ಅತಿ ಚಿಕ್ಕ ಸುತ್ತಳತೆ; 1000 ಮೀಟರ್ ಉದ್ದ, 0.1 ಮೀಟರ್ ಅಗಲದ ಪಟ್ಟಿಯ ಸುತ್ತಳತೆ 2000.2 ಮೀಟರ್. ದೊಡ್ಡದಕ್ಕೆ ಅಲ್ಲಿ ಮಿತಿಯೇ ಇಲ್ಲ.