ಬಡ್ತಿ ಸಿಕ್ಕಿತು, ತಂಡ ಬಿಡಬೇಕು

ಬೆಂಗಳೂರಿನ ಕಚೇರಿಗಳಲ್ಲಿ ಮ್ಯಾನೇಜರ್ ಬದಲಾಗುವ ಸುದ್ದಿ ಎಷ್ಟೋ ಸಲ ಮೊದಲು ಗೊತ್ತಾಗುವುದು ಎಚ್‌ಆರ್ ಸಾಫ್ಟ್‌ವೇರ್‌ನಿಂದ. ರಜೆ ಹಾಕಲು ಲಾಗಿನ್ ಆದ ಹುಡುಗನಿಗೆ ‘ರಿಪೋರ್ಟಿಂಗ್ ಮ್ಯಾನೇಜರ್’ ಎಂಬಲ್ಲಿ ಬೇರೆ ಹೆಸರು ಕಾಣುತ್ತದೆ. ಮಧ್ಯಾಹ್ನದ ಊಟದ ಹೊತ್ತಿಗೆ ಕ್ಯಾಂಟೀನಿನಲ್ಲೆಲ್ಲ ಅದೇ ಮಾತು. ‘ಮೇಡಂ ನಮಗೊಂದು ಮಾತೂ ಹೇಳಲಿಲ್ಲ’ ಎಂಬ ನೋವು ಆಮೇಲೆ ಕೇಕ್ ಕತ್ತರಿಸಿದರೂ ಹೋಗುವುದಿಲ್ಲ.

ಕೆಲಸ ಬಿಟ್ಟು ಹೋಗುವವರ ಬೀಳ್ಕೊಡುಗೆಗೆ ಒಂದು ರೂಢಿಯಿದೆ: ನೋಟಿಸ್ ಅವಧಿ, ಕೊನೆಯ ದಿನ, ಐಡಿ ಕಾರ್ಡ್ ವಾಪಸ್. ಬಡ್ತಿಯ ಮೇಲೆ ಪಕ್ಕದ ವಿಭಾಗಕ್ಕೆ ಹೋಗುವವರಿಗೆ ಇದ್ಯಾವುದೂ ಇಲ್ಲ. ಅದೇ ಲಿಫ್ಟು, ಅದೇ ಇಮೇಲ್ ವಿಳಾಸ, ಎರಡು ಮಹಡಿ ಮೇಲೆ ಹೊಸ ಕುರ್ಚಿ. ಹಾಗಾಗಿ ವಿದಾಯವೇ ಬೇಕಿಲ್ಲ ಅನ್ನಿಸಿಬಿಡುತ್ತದೆ. ತೊಡಕು ಶುರುವಾಗುವುದೇ ಅಲ್ಲಿ.

ಒಂದು ವಿಮಾ ಕಂಪನಿಯ ಕ್ಲೇಮ್ ವಿಭಾಗವನ್ನು ಉದಾಹರಣೆಗೆ ಇಟ್ಟುಕೊಳ್ಳೋಣ. ತಂಡದಲ್ಲಿ ಒಂಬತ್ತು ಜನ. ಅವರ ಮ್ಯಾನೇಜರ್ ಜನವರಿ 1ರಿಂದ ತರಬೇತಿ ವಿಭಾಗದ ಮುಖ್ಯಸ್ಥೆ. ಆದೇಶ ಕೈಗೆ ಬಂದದ್ದು ಡಿಸೆಂಬರ್ ಮೊದಲ ವಾರ. ಎಲ್ಲರನ್ನೂ ಒಟ್ಟಿಗೆ ಕೂರಿಸಿ ಸಿಹಿ ಹಂಚಿ ಹೇಳಿಬಿಡೋಣ ಎಂಬ ಆಸೆ ಸಹಜ. ಆದರೆ ಒಳ್ಳೆಯ ಮ್ಯಾನೇಜರುಗಳು ಬೇರೆ ಕ್ರಮ ಹಿಡಿಯುತ್ತಾರೆ. ಸಾಫ್ಟ್‌ವೇರ್‌ನಲ್ಲಿ ಹೆಸರು ಬದಲಿಸುವ ದಿನ ಯಾವುದೆಂದು ಎಚ್‌ಆರ್‌ನಲ್ಲಿ ಕೇಳಿಕೊಂಡು, ಅದಕ್ಕೆ ಮುಂಚೆ ಒಂದೇ ದಿನದಲ್ಲಿ ಒಬ್ಬೊಬ್ಬರನ್ನೇ ಕರೆದು ಹತ್ತು ನಿಮಿಷ ಮಾತಾಡುತ್ತಾರೆ. ಸಂಜೆಗೆ ತಂಡದ ಸಭೆ. ಎಲ್ಲರಿಗೂ ಹೋಗುವ ಇಮೇಲ್ ಅದರ ನಂತರ.

ಆ ಹತ್ತು ನಿಮಿಷದಲ್ಲಿ ಎದುರಿಗೆ ಕೂತವರು ‘ಕಂಗ್ರಾಟ್ಸ್ ಮೇಡಂ’ ಎನ್ನುತ್ತಾರೆ. ಮನಸ್ಸಿನಲ್ಲಿ ಓಡುತ್ತಿರುವುದು ಬೇರೆ: ಇನ್ನು ಮುಂದೆ ನನ್ನ ಮ್ಯಾನೇಜರ್ ಯಾರು, ನನ್ನ ಅಪ್ರೈಸಲ್ ಗತಿಯೇನು?

ಅಪ್ರೈಸಲ್ ಚಿಂತೆಗೆ ಕಾರಣವಿದೆ. ನಮ್ಮಲ್ಲಿ ಹೆಚ್ಚಿನ ಕಂಪನಿಗಳ ಲೆಕ್ಕ ಏಪ್ರಿಲ್‌ನಿಂದ ಮಾರ್ಚ್‌ವರೆಗೆ. ಡಿಸೆಂಬರ್ ಕೊನೆಗೆ ಹೊರಟರೆ ಒಂಬತ್ತು ತಿಂಗಳ ಕೆಲಸ ಕಂಡವರು ಇವರು, ರೇಟಿಂಗ್ ಕೊಡುವವರು ಮೂರೇ ತಿಂಗಳು ಕಂಡ ಹೊಸಬರು. ಜುಲೈನಲ್ಲಿ ಇಬ್ಬರ ಕೆಲಸವನ್ನು ಒಬ್ಬಳೇ ಹೊತ್ತವಳ ವಿಷಯ ಯಾವ ದಾಖಲೆಯಲ್ಲೂ ಇರುವುದಿಲ್ಲ. ಆದ್ದರಿಂದ ಪ್ರತಿಯೊಬ್ಬರ ಬಗ್ಗೆ ಅರ್ಧ ಪುಟದ ಟಿಪ್ಪಣಿ ಬರೆಯಬೇಕು. ಏನು ಮಾಡಿದರು, ಎಲ್ಲಿ ಎಡವಿದರು, ಯಾವ ಗುರಿ ಬಾಕಿ ಎಂಬುದೆಲ್ಲ ಅದರಲ್ಲಿರಬೇಕು. ಅದನ್ನು ಮೊದಲು ಆಯಾ ವ್ಯಕ್ತಿಗೇ ತೋರಿಸಿ, ಆಮೇಲೆ ಹೊಸ ಮ್ಯಾನೇಜರ್‌ಗೆ ಒಪ್ಪಿಸುವುದು ಒಳ್ಳೆಯದು. ಭಾವುಕ ಭಾಷಣಕ್ಕಿಂತ ದೊಡ್ಡ ಉಡುಗೊರೆ ಇದು.

ಇದಕ್ಕಿಂತ ನಾಜೂಕಿನದು ಬಾಯಿಮಾತಿನಲ್ಲಿ ಕೊಟ್ಟ ಅನುಮತಿಗಳು. ಅಮ್ಮನನ್ನು ಡಯಾಲಿಸಿಸ್‌ಗೆ ಕರೆದೊಯ್ಯುವ ಒಬ್ಬರು ವಾರಕ್ಕೆರಡು ದಿನ ಮನೆಯಿಂದ ಕೆಲಸ ಮಾಡುತ್ತಿದ್ದಾರೆ ಎಂದುಕೊಳ್ಳಿ. ಆ ಏರ್ಪಾಡು ಗೊತ್ತಿರುವುದು ಅವರಿಬ್ಬರಿಗೆ ಮಾತ್ರ. ಹೊಸ ಮ್ಯಾನೇಜರ್ ಕಣ್ಣಿಗೆ ಅದು ಗೈರುಹಾಜರಿ. ಆ ವ್ಯಕ್ತಿಯ ಒಪ್ಪಿಗೆ ಪಡೆದು, ಅನಾರೋಗ್ಯದ ವಿವರ ಬಿಟ್ಟು, ಏರ್ಪಾಡನ್ನಷ್ಟೇ ಬರಹದಲ್ಲಿ ದಾಟಿಸಬೇಕು. ‘ಈ ಸಲ ನಿನಗೆ ಪ್ರಮೋಷನ್ ಕೊಡಿಸ್ತೀನಿ’ ಎಂದಿದ್ದರೆ ಅದು ಇನ್ನು ತನ್ನ ಕೈಯಲ್ಲಿಲ್ಲ ಎಂದು ನೇರವಾಗಿ ಹೇಳಬೇಕು. ಕಷ್ಟದ ಮಾತು, ನಿಜ. ಮಾರ್ಚ್‌ನಲ್ಲಿ ತಾನಾಗಿಯೇ ಗೊತ್ತಾಗುವುದು ಇನ್ನೂ ಕಷ್ಟ.

ಹೊರಟ ಮೇಲೂ ಪ್ರಶ್ನೆಗಳು ಬರುತ್ತವೆ. ಮೊದಲ ಎರಡು ಮೂರು ವಾರ, ಹಳೆಯ ಕಡತಗಳ ಬಗ್ಗೆ, ಹೊಸ ಮ್ಯಾನೇಜರ್ ಮೂಲಕ ಬಂದರೆ ಸರಿಯೇ. ಆದರೆ ತಿಂಗಳು ಕಳೆದರೂ ತಂಡದವರು ಇಮೇಲ್‌ಗಳಲ್ಲಿ ಹಳೆಯ ಮೇಡಂಗೆ ಸಿಸಿ ಹಾಕುತ್ತಿದ್ದರೆ, ‘ನೀವೇ ಒಂದು ಮಾತು ಹೇಳಿ ಮೇಡಂ’ ಎಂದು ಮೇಲಿನ ಮಹಡಿಗೆ ಬರುತ್ತಿದ್ದರೆ, ವಿದಾಯ ಮುಗಿದಿಲ್ಲವೆಂದೇ ಅರ್ಥ. ಅಲ್ಲಿ ಕೊಡುವ ಒಂದೊಂದು ಉತ್ತರವೂ ಹೊಸಬರ ಅಧಿಕಾರವನ್ನು ಕಡಿಮೆ ಮಾಡುತ್ತದೆ. ತಂಡದ ಅತ್ಯುತ್ತಮ ಕೆಲಸಗಾರನನ್ನು ತನ್ನ ಜೊತೆಗೇ ಹೊಸ ವಿಭಾಗಕ್ಕೆ ಎಳೆದುಕೊಂಡರೆ ಉಳಿದ ಎಂಟು ಜನರಿಗೆ ಅದು ಇನ್ನೊಂದು ಪೆಟ್ಟು.

ಒಂದೇ ಸಂಸ್ಥೆಯೊಳಗಿನ ಈ ದಾರಿ ಎಷ್ಟು ಸುತ್ತಬಹುದು ಎಂಬುದಕ್ಕೆ ಜನರಲ್ ಮೋಟಾರ್ಸ್‌ನ ಮೇರಿ ಬಾರಾ ಸಾಕ್ಷಿ. ಉತ್ಪಾದನಾ ಎಂಜಿನಿಯರಿಂಗ್ ನೋಡಿಕೊಳ್ಳುತ್ತಿದ್ದ ಅವರು 2009ರಲ್ಲಿ ಮಾನವ ಸಂಪನ್ಮೂಲದ ಉಪಾಧ್ಯಕ್ಷೆಯಾದರು, 2011ರಲ್ಲಿ ಉತ್ಪನ್ನ ಅಭಿವೃದ್ಧಿಗೆ ಬಂದರು, 2014ರ ಜನವರಿಯಲ್ಲಿ ಇಡೀ ಕಂಪನಿಯ ಸಿಇಒ ಆದರು. ಇಂಥ ಕಡೆ ಬಿಟ್ಟುಬಂದ ತಂಡ ಮತ್ತೆ ಎದುರಾಗುತ್ತಲೇ ಇರುತ್ತದೆ. ಕ್ಲೇಮ್ ವಿಭಾಗದ ಆ ಒಂಬತ್ತು ಜನವೂ ಒಂದು ದಿನ ತರಬೇತಿಗೆಂದು ಅದೇ ಮೇಡಂ ಮುಂದೆ ಬಂದು ಕೂರುತ್ತಾರೆ, ಹೊಸ ಮ್ಯಾನೇಜರ್ ಸಹಿ ಮಾಡಿದ ಪಟ್ಟಿ ಹಿಡಿದು.