ಜಾರಿದವರಿಗೂ ಜಾಗವಿಟ್ಟ ಮಾತುಗಳು

‘ಇವತ್ತೊಂದು ದಿನ ಕುಡಿಯುವುದಿಲ್ಲ.’ ಆಲ್ಕೊಹಾಲಿಕ್ಸ್ ಅನಾನಿಮಸ್ ಕೂಟಗಳ ಜನಪ್ರಿಯ ಮಾತಿದು. ಜೀವಮಾನದ ಪ್ರತಿಜ್ಞೆ ಹೆದರಿಸುತ್ತದೆ. ರಾತ್ರಿ ಮಲಗುವವರೆಗಿನ ಗಡುವು ಅಷ್ಟು ಭಾರವಲ್ಲ.

ಈ ಸಂಸ್ಥೆಯ ಹುಟ್ಟಿನಲ್ಲೇ ಒಂದು ಜಾರುವಿಕೆಯಿದೆ. ಅಮೆರಿಕದ ಆಕ್ರನ್ ನಗರದ ಶಸ್ತ್ರವೈದ್ಯ ಡಾ. ಬಾಬ್ ಸ್ಮಿತ್ 1935ರಲ್ಲಿ ಬಿಲ್ ವಿಲ್ಸನ್‌ರ ಒಡನಾಟದಿಂದ ಕುಡಿತ ಬಿಟ್ಟರು. ಸ್ವಲ್ಪದರಲ್ಲೇ ಅಟ್ಲಾಂಟಿಕ್ ಸಿಟಿಯ ವೈದ್ಯರ ಸಮ್ಮೇಳನಕ್ಕೆ ಹೋದವರು ವಿಪರೀತ ಕುಡಿದು ಮರಳಿದರು. ವಿಲ್ಸನ್ ಅವರನ್ನು ಬಿಟ್ಟುಹೋಗಲಿಲ್ಲ. ಶಸ್ತ್ರಚಿಕಿತ್ಸೆಗೆ ಹೊರಟ ಬೆಳಿಗ್ಗೆ ಕೈ ನಡುಗದಿರಲೆಂದು ಒಂದು ಬಾಟಲಿ ಬಿಯರ್ ಕೊಟ್ಟರು. ಸ್ಮಿತ್‌ರ ಕೊನೆಯ ಕುಡಿತ ಅದೇ. ಜೂನ್ 10ನ್ನು ಸಂಸ್ಥೆ ತನ್ನ ಹುಟ್ಟುದಿನವಾಗಿ ಆಚರಿಸುತ್ತದೆ.

‘ಕೆಡಿಸುವುದು ಮೊದಲ ಗುಟುಕೇ’ ಎಂಬುದು ಎಚ್ಚರಿಕೆ. ಜಾರಿದವರಿಗೆ ಹೇಳುವುದು ‘ಮತ್ತೆ ಬನ್ನಿ’. ಆದರೆ ನಿತ್ಯ ವಿಪರೀತ ಕುಡಿಯುವವರು ಥಟ್ಟನೆ ಬಿಟ್ಟರೆ ಫಿಟ್ಸ್ ಬರಬಹುದು. ಅವರು ಮೊದಲು ವೈದ್ಯರನ್ನು ಕಾಣಬೇಕು.